ಸೈಡ್ ಬೈ ಸೈಡ್ ಫ್ರಿಜ್ ನಮ್ಮ ಮೆಟ್ಟಿಲು ಹತ್ತುತ್ತಾ? ಅಳತೆ ಗೊತ್ತಿರೋರು ಹೇಳಿ

ವಿಜಯನಗರ ಸ್ಮಿತಾ
ಎಲ್ಲರಿಗೂ ನಮಸ್ಕಾರ. ವಿಜಯನಗರದಲ್ಲಿ 20x30 ಸೈಟಿನ ಬಿಲ್ಡಿಂಗ್, ಎರಡನೇ ಮಹಡಿ, ಬಾಡಿಗೆ ಮನೆ. ಲಿಫ್ಟ್ ಇಲ್ಲ. ಎರಡು ಬಾಗಿಲಿನ ಸೈಡ್ ಬೈ ಸೈಡ್ ಫ್ರಿಜ್ ತಗೋಬೇಕು ಅಂತ ಇದ್ದೀವಿ. ಕಂಪನಿಯವರ ಪುಟದಲ್ಲಿ ಅಗಲ 91 ಸೆಂ.ಮೀ., ಆಳ 73, ಎತ್ತರ 179 ಅಂತಿದೆ. ನಮ್ಮ ಮೇನ್ ಡೋರ್ ಚೌಕಟ್ಟು 36 ಇಂಚು, ಅಂದ್ರೆ ಹತ್ತಿರ ಹತ್ತಿರ 91. "ಸರಿಯಾಗಿ ಕೂರುತ್ತೆ, ಆರ್ಡರ್ ಮಾಡು" ಅಂತಾರೆ ನಮ್ಮನೆಯವರು. ನನಗೆ ಯಾಕೋ ಧೈರ್ಯ ಬರ್ತಿಲ್ಲ. ಫ್ರಿಜ್ ಹಾಲ್‌ನಲ್ಲೇ ಇಡೋದು, ಹಾಗಾಗಿ ಅಡುಗೆಮನೆ ಬಾಗಿಲಿನ ಚಿಂತೆ ಇಲ್ಲ. ಇನ್ನೇನೇನು ಅಳೀಬೇಕು?

ಕಾಫಿ ಕುಡುಕ
ಮೊದಲು ಯಜಮಾನರ ಧೈರ್ಯ ಅಳೀರಿ.

ಗೋಕುಲದ ಗಿರೀಶ
ಸೈಡ್ ಬೈ ಸೈಡ್ ಬೇಡ ಮೇಡಂ, ಫ್ರೀಜರ್ ಕಡೆ ತೀರಾ ಕಿರಿದು, ದೊಡ್ಡ ಪಾತ್ರೆ ಹಿಡಿಯಲ್ಲ. ನಾವು ಮೇಲೆ ಫ್ರೀಜರ್ ಇರೋ ಮಾಮೂಲಿ ಡಬಲ್ ಡೋರ್ ತಗೊಂಡ್ವಿ, ದೋಸೆ ಹಿಟ್ಟಿನ ಕೊಳಗ ಆರಾಮಾಗಿ ಕೂರುತ್ತೆ. ಸ್ಟೆಬಿಲೈಸರ್ ಬೇಕಾ ಬೇಡ್ವಾ ಅಂತಲೂ ವಿಚಾರಿಸ್ಕೊಳ್ಳಿ.

ವಿಜಯನಗರ ಸ್ಮಿತಾ
ಗಿರೀಶ್ ಸರ್, ಯಾವ ಫ್ರಿಜ್ ಅನ್ನೋದಲ್ಲ ನನ್ನ ಪ್ರಶ್ನೆ, ಮನೆ ಒಳಗೆ ಹೋಗುತ್ತಾ ಅನ್ನೋದು 🙂

ಎಂಟನೇ ಮಹಡಿ
ಲಿಫ್ಟ್ ಇಲ್ಲ ಅಂತ ಬೇಜಾರು ಮಾಡ್ಕೋಬೇಡಿ, ಇದ್ರೂ ಅದೇ ಗೋಳು. ನಮ್ಮದು ಕನಕಪುರ ರಸ್ತೆಯ ಅಪಾರ್ಟ್‌ಮೆಂಟು. ಲಿಫ್ಟಿನೊಳಗೆ 6 ಜನ, 408 ಕೆ.ಜಿ. ಅಂತ ಫಲಕ ಇದೆ, ಫ್ರಿಜ್ ಇರೋದು 110 ಕೆ.ಜಿ. ಆಸುಪಾಸು, ಹಾಗಾಗಿ ಎಲ್ಲರೂ ನಿಶ್ಚಿಂತೆ. ಆದ್ರೆ ಲಿಫ್ಟ್ ಬಾಗಿಲು ಪೂರ್ತಿ ತೆರೆದಾಗ 70 ಸೆಂ.ಮೀ. ಮಾತ್ರ. ಡೆಲಿವರಿಗೆ ಬಂದ ಹುಡುಗರು ಟೇಪ್ ಹಿಡಿದು ನೋಡಿ, "ಆಗಲ್ಲ ಸಾರ್" ಅಂತ ವಾಪಸ್ ಟೆಂಪೋಗೆ ಏರಿಸಿದ್ರು. ಎಂಟು ಮಹಡಿ ಮೆಟ್ಟಿಲಲ್ಲಿ ಹೊರೋಕೆ ಯಾರೂ ಒಪ್ಪಲಿಲ್ಲ. ದುಡ್ಡು ವಾಪಸ್ ಬಂತು, ಆದ್ರೆ ಸೇಲ್ ಮುಗಿದುಹೋಗಿತ್ತು.

ಗುಬ್ಬಿಗೂಡು
@ಎಂಟನೇ ಮಹಡಿ ನಿಮ್ಮಲ್ಲಿ ಸರ್ವಿಸ್ ಲಿಫ್ಟ್ ಇಲ್ವಾ?

ಎಂಟನೇ ಮಹಡಿ
ಇದೆ. ಅವತ್ತು ಅದು ಕೆಟ್ಟಿತ್ತು. ಅಸೋಸಿಯೇಷನ್ ವಾಟ್ಸಾಪ್ ಗ್ರೂಪಲ್ಲಿ ಆ ಚರ್ಚೆ ಇನ್ನೂ ನಡೀತಾನೇ ಇದೆ.

ಲೋಡಿಂಗ್ ರಾಜಣ್ಣ
ಸ್ಮಿತಾ ಅವ್ರೇ, ನಾನು ಮನೆ ಶಿಫ್ಟಿಂಗ್ ಕೆಲಸ ಮಾಡಿಸೋನು. ಈ 36 ಇಂಚಿನ ಲೆಕ್ಕ ದಿನಾ ಕೇಳ್ತೀನಿ. 36 ಇಂಚು ಅಂದ್ರೆ ಚೌಕಟ್ಟಿನ ಹೊರಗಿನ ಅಳತೆ. ಅದರಲ್ಲಿ ಎರಡೂ ಕಡೆ ಮರದ ದಪ್ಪ ಕಳೀರಿ. ಆಮೇಲೆ ಬಾಗಿಲು ತೆರೆದಾಗ ಅದರ ಹಲಗೆ ಹಿಂಜಸ್ ಕಡೆ ಒಳಕ್ಕೆ ಚಾಚಿಕೊಂಡಿರುತ್ತಲ್ಲ, ಅದನ್ನೂ ಕಳೀರಿ. ಬಾಗಿಲು ಹಿಂದಕ್ಕೆ ಪೂರ್ತಿ ಗೋಡೆಗೆ ಒರಗೋ ಹಾಗಿದ್ರೆ ಒಂಚೂರು ಉಳಿಯುತ್ತೆ. ಹಿಂದೆ ಚಪ್ಪಲಿ ಸ್ಟ್ಯಾಂಡೋ ಗೋಡೆಯೋ ಇದ್ದು ನೆಟ್ಟಗೆ ನಿಂತ್ರೆ ಉಳಿಯಲ್ಲ. ಹೊರಗಡೆ ಗ್ರಿಲ್ ಬಾಗಿಲು ಇದೆಯಾ? ಅದೇ ಚೌಕಟ್ಟಿಗೆ ಹೊಡೆದಿದ್ರೆ ಅದರ ಪೈಪು, ಕೊಂಡಿ, ಬೀಗದ ಚಿಲಕ ಎಲ್ಲ ಜಾಗ ತಿನ್ನುತ್ತೆ.

ಎರಡೂ ಬಾಗಿಲು ತೆರೆದಿಟ್ಟು, ಟೇಪನ್ನ ಒಂದು ಕಡೆ ಹಲಗೆಗೆ ತಾಗಿಸಿ, ಇನ್ನೊಂದು ಕಡೆ ಮುಂದಕ್ಕೆ ಚಾಚಿರೋದು ಏನಿದೆಯೋ ಅದಕ್ಕೆ ತಾಗಿಸಿ. ಆ ಅಳತೆ ಹೇಳಿ. ಮೇಲೆ, ಮಧ್ಯೆ, ಕೆಳಗೆ ಮೂರು ಕಡೆ ಹಿಡೀರಿ, ಹಳೇ ಮನೆಗಳಲ್ಲಿ ಚೌಕಟ್ಟು ಒಂದೇ ಸಮ ಇರಲ್ಲ.

ಇನ್ನೊಂದು ಮಾತು. ಬಾಗಿಲಲ್ಲಿ ಫ್ರಿಜ್ಜಿನ ಅಗಲ ನೋಡಬೇಡಿ, ಆಳ ನೋಡಿ. ಅದು ಅಡ್ಡ ತಿರುಗಿ, ಪಕ್ಕೆ ಮುಂದೆ ಮಾಡ್ಕೊಂಡು ಒಳಗೆ ಹೋಗೋದು.

ವಿಜಯನಗರ ಸ್ಮಿತಾ
ಗ್ರಿಲ್ ಬಾಗಿಲು ಇದೆ ಅಣ್ಣ. ಈಗಷ್ಟೇ ಅಳೆದೆ. ಎರಡೂ ತೆರೆದಾಗ ಎಲ್ಲಕ್ಕಿಂತ ಕಡಿಮೆ ಬಂದಿದ್ದು ಚಿಲಕದ ಹತ್ತಿರ, 28 ಮುಕ್ಕಾಲು ಇಂಚಿಗೂ ಕಡಿಮೆ. 28.5 ಅಂತಿಟ್ಕೊಳ್ಳಿ. ಅಂದ್ರೆ 72 ಸೆಂ.ಮೀ. ಚಿಲ್ಲರೆ. ಫ್ರಿಜ್ ಆಳ 73!! 36 ಇಂಚು ಹೇಳಿದ್ದೋರನ್ನ ಕರೆದು ತೋರಿಸಿದೆ, ಮಾತಿಲ್ಲ.

ಕಾಫಿ ಕುಡುಕ
ಅರ್ಧ ಸೆಂಟಿಮೀಟರ್ ತಾನೇ, ಸ್ವಲ್ಪ ಎಣ್ಣೆ ಹಚ್ಚಿ ತಳ್ಳಿ.

ಲೋಡಿಂಗ್ ರಾಜಣ್ಣ
ನಗಬೇಡಿ, ಹಾಗೆ ತಳ್ಳಿ ಹೊಸ ಫ್ರಿಜ್ ಪಕ್ಕೆ ಉದ್ದಕ್ಕೂ ಗೆರೆ ಎಳೆದಿದ್ದು ನೋಡಿದ್ದೀನಿ. ಮನೆ ಬಾಗಿಲು ಬಿಚ್ಚಿದ್ರೆ ದಾರಿ ಆಗುತ್ತೆ, ಅದು ದೊಡ್ಡ ವಿಷಯ ಅಲ್ಲ. ಬಡಗಿ ಬೇಕಾಗಿಲ್ಲ, ಸ್ಕ್ರೂಡ್ರೈವರ್ ಸಾಕು. ಆದ್ರೆ ಬಾಗಿಲಿಗೆ ಬರೋ ಮುಂಚೆ ಮೆಟ್ಟಿಲು ಇದೆಯಲ್ಲ. ಬಾಗಿಲಲ್ಲಿ ಸಿಕ್ಕಿಹಾಕ್ಕೊಂಡ ಸಾಮಾನಿಗಿಂತ ಮೆಟ್ಟಿಲ ತಿರುವಲ್ಲಿ ಸಿಕ್ಕಿಹಾಕ್ಕೊಂಡಿದ್ದೇ ಜಾಸ್ತಿ. ನಿಮ್ಮದು ಅರ್ಧ ಹತ್ತಿ, ತಿರುಗಿ, ಇನ್ನರ್ಧ ಹತ್ತೋ ಮೆಟ್ಟಿಲಾ? ತಿರುವಲ್ಲಿ ಸಮತಟ್ಟು ಲ್ಯಾಂಡಿಂಗ್ ಇದೆಯಾ, ಇಲ್ಲ ಮೂಲೆಯಲ್ಲಿ ತ್ರಿಕೋನದ ಮೆಟ್ಟಿಲು ಬಿಟ್ಟಿದ್ದಾರಾ?

ವಿಜಯನಗರ ಸ್ಮಿತಾ
ಸಮತಟ್ಟು ಇದೆ. ಮೆಟ್ಟಿಲಿನ ಅಗಲ ಗೋಡೆಯಿಂದ ಕಂಬಿವರೆಗೆ 34 ಇಂಚು. ಲ್ಯಾಂಡಿಂಗ್ 3 ಅಡಿ ಇರಬಹುದು.

ಗುಬ್ಬಿಗೂಡು
ಹಾಗಾದ್ರೆ ಸಾಧ್ಯವೇ ಇಲ್ಲ. ಲೆಕ್ಕ ತುಂಬ ಸುಲಭ. ಫ್ರಿಜ್ಜಿನ ತಳ 91 x 73. ಅದರ ಕರ್ಣ ಹಾಕಿ, 116 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಬರುತ್ತೆ. ನಿಂತಲ್ಲೇ ತಿರುಗಿಸೋಕೆ ಲ್ಯಾಂಡಿಂಗ್ ಅಷ್ಟು ಆಳ ಇರಬೇಕು. ನಿಮ್ಮದು 3 ಅಡಿ ಅಂದ್ರೆ 91. ಕೈಬಿಡಿ.

ಲೋಡಿಂಗ್ ರಾಜಣ್ಣ
ತಮ್ಮಾ, ಲೆಕ್ಕ ಸರಿ, ಆದ್ರೆ ಫ್ರಿಜ್‌ನ ನಿಂತಲ್ಲೇ ಬುಗುರಿ ತರ ಯಾರೂ ತಿರುಗಿಸಲ್ಲ. ಅದು ಕಂಬಿಯ ತುದಿ ಕಂಬವನ್ನ ಬಳಸ್ಕೊಂಡು ಹೋಗುತ್ತೆ. ಮುಂದಿನ ಭಾಗ ಲ್ಯಾಂಡಿಂಗ್‌ಗೆ ಹೋದಾಗ ಹಿಂದಿನ ಮೂಲೆ ಇನ್ನೂ ಕೆಳಗಿನ ಮೆಟ್ಟಿಲ ಮೇಲೆ ಗಾಳಿಯಲ್ಲಿರುತ್ತೆ. ಕೆಳಗೆ ಇರೋ ಹುಡುಗ ಅದನ್ನ ಹೊತ್ತಿರ್ತಾನೆ. ಹಾಗಾಗಿ ಕರ್ಣದಷ್ಟು ಜಾಗ ಬೇಕಾಗಿಲ್ಲ. ನಿನ್ನ ಲೆಕ್ಕದ ಪ್ರಕಾರ ನೋಡಿದ್ರೆ ವಿಜಯನಗರದಲ್ಲಿ ಅರ್ಧ ಬೀರು ರಸ್ತೇಲೇ ಇರಬೇಕಿತ್ತು.

ಸ್ಮಿತಾ ಅವ್ರೇ, "3 ಅಡಿ ಇರಬಹುದು" ಅಂತ ಬೇಡ. ಲ್ಯಾಂಡಿಂಗ್‌ನ ಎದುರು ಗೋಡೆಯಿಂದ ಕಂಬಿಯ ತುದಿ ಕಂಬದವರೆಗೆ ಅಳೀರಿ. ನೆಲದ ಅಂಚಿಗೆ ಅಲ್ಲ, ಕಂಬಕ್ಕೆ. ಕೆಲವು ಕಡೆ ಕಂಬ ಒಂದು ಮೆಟ್ಟಿಲು ಹಿಂದಕ್ಕಿರುತ್ತೆ, ಆಗ ಪುಣ್ಯ. ಕೆಲವು ಕಡೆ ಕಂಬಿ ಬಾಗಿ ಲ್ಯಾಂಡಿಂಗ್ ಒಳಕ್ಕೇ ಚಾಚಿರುತ್ತೆ, ಆಗ ಕರ್ಮ. ಗೋಡೆ ಮೇಲೆ ಮೀಟರ್ ಬೋರ್ಡ್, ನೀರಿನ ಪೈಪ್, ಕೇಬಲ್ ಡಬ್ಬಿ ಇದ್ರೆ ಅಲ್ಲಿಂದ ಅಳೀರಿ.

ಹುಬ್ಬಳ್ಳಿಯಾಂವ
ರಾಜಣ್ಣಾರು ಹೇಳಿದ್ದು ಖರೇ ಅದ. ನಮ್ಮ ರೂಮ್ ಇರೋದು ಶ್ರೀನಗರದಾಗ. ಗೆಳೆಯನ ದಿವಾನ್ ಮಂಚ ಏರಸುಮುಂದ ಆ ಕಂಬದ ತುದೀಗೆ ಸಿಕ್ಕು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೆಳಗಿನ ಮನಿ ಅಜ್ಜಾರು ವಾಕಿಂಗ್ ಹೋಗಾಕ ಬಂದು ಮೆಟ್ಟಲ ಮ್ಯಾಲೆ ಕುಂತು ಕಾದ್ರು.

ಟೆಕ್ಕಿ ಟೋನಿ
ಇಷ್ಟೆಲ್ಲ ಯಾಕೆ ಗುರು? ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳ್ಕೊಳ್ಳೋದು. ನಮ್ಮ ಏರಿಯಾದಲ್ಲಿ ಸೋಫಾ ಹಾಗೇ ಏರಿಸಿದ್ರು, ಸಾವಿರ ರೂಪಾಯಿ ಜಾಸ್ತಿ ಕೊಟ್ಟರೆ ಆಯ್ತು.

ಓನರ್ ಅಂಕಲ್
ಸೋಫಾ ಬೇರೆ, 110 ಕೆ.ಜಿ. ಫ್ರಿಜ್ ಬೇರೆ. 20x30 ಬಿಲ್ಡಿಂಗ್ ಮುಂದೆ ಬಾಲ್ಕನಿಗೆ ಕೈ ಚಾಚಿದ್ರೆ ಸಿಗೋ ಹಾಗೆ ಕರೆಂಟ್ ತಂತಿ ಹೋಗಿರುತ್ತೆ. ಹಗ್ಗದಲ್ಲಿ ತೂಗಾಡೋ ಲೋಹದ ಪೆಟ್ಟಿಗೆ ತಂತಿಗೆ ತಾಗಿದ್ರೆ ಯಾರು ಹೊಣೆ? ಬಾಲ್ಕನಿ ಪ್ಯಾರಾಪೆಟ್ ನಾಲ್ಕೂವರೆ ಇಂಚಿನ ಗೋಡೆ, ಅದರ ಮೇಲೆ ಭಾರ ಹಾಕಿ ಎಳೆದ್ರೆ ಬಿರುಕು ಬಿಡುತ್ತೆ. ನನ್ನ ಬಿಲ್ಡಿಂಗ್‌ನಲ್ಲಿ ನಾನು ಬಿಡಲ್ಲ.

ಟೆಕ್ಕಿ ಟೋನಿ
ಬಾಡಿಗೆ ಏರಿಸೋವಾಗ ಮಾತ್ರ ಹಗ್ಗ ಬೇಕಾಗಿಲ್ಲ ಅಂಕಲ್ ನಿಮಗೆ.

ಓನರ್ ಅಂಕಲ್
ವಿಷಯಕ್ಕೆ ಬನ್ನಿ.

ವಿಜಯನಗರ ಸ್ಮಿತಾ
ಬಾಲ್ಕನಿಗೆ ಮೇಲಿಂದ ಕೆಳಗಿನ ತನಕ ಗ್ರಿಲ್ ಇದೆ, ಆ ದಾರಿ ಮುಚ್ಚಿದೆ. ಲ್ಯಾಂಡಿಂಗ್ ಅಳತೆ ಬಂತು. ಕಂಬದಿಂದ ಎದುರು ಗೋಡೆಗೆ 30 ಇಂಚು, 76 ಸೆಂ.ಮೀ. 3 ಅಡಿ ಇರೋದು ನೆಲ ಮಾತ್ರ, ಕಂಬಿ ಒಳಕ್ಕೆ ಬಾಗಿದೆ. ರಾಜಣ್ಣ ಹೇಳಿದ ಕರ್ಮದ ಪಟ್ಟಿಯಲ್ಲಿ ನಾವಿದ್ದೀವಿ.

ಗುಬ್ಬಿಗೂಡು
76 ಅಂದ್ರೆ 73ಕ್ಕಿಂತ ಜಾಸ್ತಿ. ಹಾಗಾದ್ರೆ ಈಗ ಹೋಗುತ್ತೆ ಅಂತಲಾ ರಾಜಣ್ಣ? ಮೆಟ್ಟಿಲ ಅಗಲ 86, ಅದೂ ಸಾಕು.

ಲೋಡಿಂಗ್ ರಾಜಣ್ಣ
ನೆಟ್ಟಗೆ ಹೋಗೋವಾಗ ಸಾಕು. ತಿರುಗೋವಾಗ, ಅರ್ಧ ಓರೆಯಾದಾಗ, ಎರಡು ಮೂಲೆ ಗೋಡೆಗೆ ತಾಗಿ, ಪಕ್ಕೆ ಕಂಬಕ್ಕೆ ತಾಗುತ್ತೆ. ಅಲ್ಲೇ ಸಿಕ್ಕೋದು. ಕಾಗದದ ಮೇಲೆ ಲೆಕ್ಕ ಹಾಕೋದು ನಂಗೆ ಬರಲ್ಲ, ನಾವು ಮಾಡೋದು ಬೇರೆ. ಹಳೇ ಟಿವಿ ಡಬ್ಬದ ರಟ್ಟು ತಗೊಳ್ಳಿ. ಫ್ರಿಜ್ಜಿನ ತಳದ ಅಳತೆಗೆ, 91 x 73, ಸರಿಯಾಗಿ ಕತ್ತರಿಸಿ. ಇಬ್ಬರು ಅದನ್ನ ಸೊಂಟದ ಎತ್ತರಕ್ಕೆ ಮಟ್ಟಸವಾಗಿ ಹಿಡ್ಕೊಂಡು ಕೆಳಗಿನ ಗೇಟಿಂದ ಮನೆ ಒಳಗಿನ ತನಕ ನಡ್ಕೊಂಡು ಹೋಗಿ. ನೆಲದ ಮೇಲೆ ಇಟ್ಟು ನೋಡಬೇಡಿ, ಕಂಬಿಯ ಬಾಗು ಸೊಂಟದ ಹತ್ತಿರ ಇರೋದು. ರಟ್ಟು ಬಗ್ಗದೆ ಎಲ್ಲ ತಿರುವೂ ದಾಟಿದ್ರೆ ಫ್ರಿಜ್ಜೂ ದಾಟುತ್ತೆ. ಬಗ್ಗಿದ್ರೆ ಫ್ರಿಜ್ ಬಗ್ಗಲ್ಲ.

ಕೈ ಹಿಡಿಯೋಕೆ ಪಕ್ಕದಲ್ಲಿ ಜಾಗ ಬೇಕಲ್ಲ ಅಂತ ಕೇಳ್ತಾರೆ. ನಾವು ಪಕ್ಕದಲ್ಲಿ ಹಿಡಿಯಲ್ಲ, ಮುಂದೆ ಹಿಂದೆ ಹಿಡೀತೀವಿ, ಪಟ್ಟಿ ಕೆಳಗಿಂದ ಹೋಗುತ್ತೆ. ಆದ್ರೂ ಎರಡು ಬೆರಳು ಸಂದು ಇಲ್ದೆ ಇದ್ರೆ ನಾನು ಒಪ್ಪಲ್ಲ.

ಪದ್ಮಾ ಆಂಟಿ
ಇದು ಒಳ್ಳೆ ಉಪಾಯ. ನಮ್ಮ ಮಗಳ ಮದುವೆಗೆ ಕೊಟ್ಟ ಸ್ಟೀಲ್ ಬೀರು ಆರೂವರೆ ಅಡಿ ಎತ್ತರ. ಬಾಗಿಲು, ಮೆಟ್ಟಿಲು ಎಲ್ಲ ದಾಟಿ ಬೆಡ್‌ರೂಮಿನೊಳಗೂ ಬಂತು. ಆದ್ರೆ ಅಟ್ಟದ ಕೆಳಗೆ ಇಡೋಣ ಅಂತ ಅಂದ್ಕೊಂಡಿದ್ವಿ, ಮಲಗಿಸಿ ತಂದಿದ್ದನ್ನ ಅಲ್ಲಿ ಎಬ್ಬಿಸೋಕೇ ಆಗಲಿಲ್ಲ. ಅಟ್ಟ ತಗುಲುತ್ತೆ. ನಿಲ್ಲಿಸಿದ ಮೇಲೆ ಜಾಗ ಇದೆ, ನಿಲ್ಲಿಸೋವಾಗ ಇಲ್ಲ!

ಗುಬ್ಬಿಗೂಡು
ಆಂಟಿ, ಅಲ್ಲಿ ನನ್ನ ಕರ್ಣದ ಲೆಕ್ಕ ನಡೆಯುತ್ತೆ 😀 ಮಲಗಿದ್ದನ್ನ ಎಬ್ಬಿಸೋವಾಗ ಎತ್ತರ ಮತ್ತು ಆಳದ ಕರ್ಣ ಮೇಲಕ್ಕೆ ಬರುತ್ತೆ. ಉದಾಹರಣೆಗೆ 7 ಅಡಿ ವಾರ್ಡ್‌ರೋಬ್, 213 ಸೆಂ.ಮೀ. ಎತ್ತರ, 60 ಆಳ ಅಂದ್ರೆ ಎಬ್ಬಿಸೋವಾಗ 221 ಬೇಕು. ಸೀಲಿಂಗ್ ಕೆಳಗೆ ಆರಾಮ, ಅಟ್ಟದ ಕೆಳಗೆ ಇಲ್ಲ.

ಲೋಡಿಂಗ್ ರಾಜಣ್ಣ
ಇದು ಸರಿ. ಅಂಥ ಕಡೆ ರೂಮಿನ ಮಧ್ಯೆ ಎಬ್ಬಿಸಿ, ನಿಂತಂಗೇ ಜರುಗಿಸಬೇಕು. ಎಬ್ಬಿಸೋವಾಗ ಫ್ಯಾನ್ ನೋಡ್ಕೊಳ್ಳಿ. ಬಿಡಿ ಬಿಡಿಯಾಗಿ ಬಂದು ಮನೆಯಲ್ಲೇ ಜೋಡಿಸೋ ವಾರ್ಡ್‌ರೋಬ್ ಆದ್ರೂ ಇದೇ ಕಥೆ, ಅದನ್ನ ನೆಲದ ಮೇಲೆ ಮಲಗಿಸಿ ಜೋಡಿಸಿ ಆಮೇಲೆ ಎಬ್ಬಿಸ್ತಾರೆ.

ಪದ್ಮಾ ಆಂಟಿ
ಕೊನೆಗೆ ನಾವೂ ಹಾಗೇ ಮಾಡಿದ್ದು. ಆದ್ರೆ ಜರುಗಿಸಿ ಜರುಗಿಸಿ ಟೈಲ್ಸ್ ಮೇಲೆ ಗೀರು. ಅಳಿಯಂದಿರು ಈಗಲೂ ಅದರ ಮೇಲೆ ಮ್ಯಾಟ್ ಹಾಕಿ ಮುಚ್ಚಿದ್ದಾರೆ.

ವಿಜಯನಗರ ಸ್ಮಿತಾ
ರಟ್ಟಿನ ಪರೀಕ್ಷೆ ಮುಗೀತು! ನಾನು ಮತ್ತೆ ನಮ್ಮನೆಯವರು ಹಿಡ್ಕೊಂಡು ಹತ್ತಿದ್ವಿ, ಕೆಳಗಿನ ಮನೆ ಮಕ್ಕಳು ಹಿಂದೆ ಮೆರವಣಿಗೆ. ಮೊದಲ ತಿರುವಲ್ಲೇ ಸಿಕ್ಕಿಹಾಕ್ಕೊಂಡಿತು. ಅರ್ಧ ತಿರುಗಿದಾಗ ಒಂದು ಮೂಲೆ ಎದುರು ಗೋಡೆಗೆ, ಇನ್ನೊಂದು ಪಕ್ಕದ ಗೋಡೆಗೆ, ಉದ್ದದ ಅಂಚು ಕಂಬಕ್ಕೆ. ಒಂದೆರಡು ಬೆರಳಿನಷ್ಟು ರಟ್ಟು ಕಂಬದಲ್ಲಿ ಮಡಚಿಕೊಂಡಿತು. ಹಾಗಾದ್ರೆ ಈ ಫ್ರಿಜ್ ಆಸೆ ಬಿಡಬೇಕಾ?

ಗುಬ್ಬಿಗೂಡು
ಈಗ ನಾನೂ ಕೂತು ಸರಿಯಾಗಿ ಲೆಕ್ಕ ಹಾಕಿದೆ. 45 ಡಿಗ್ರಿ ಓರೆಯಾದಾಗ ಗೋಡೆ ಮೂಲೆಯಿಂದ ಫ್ರಿಜ್ಜಿನ ಒಳ ಪಕ್ಕೆಗೆ 118.5 ಬೇಕು, 91ರ ಅರ್ಧ ಮತ್ತು 73 ಕೂಡಿದ್ರೆ. ಗೋಡೆ ಮೂಲೆಯಿಂದ ಕಂಬಕ್ಕೆ ಇರೋದು 114.6. ನಾಲ್ಕು ಸೆಂ.ಮೀ. ಕಡಿಮೆ. ರಟ್ಟು ಹೇಳಿದ್ದು ಇದನ್ನೇ.

ಕೂಲ್ ಸಲೀಂ
ಮೇಡಂ, ನಾನು ಫ್ರಿಜ್ ರಿಪೇರಿ ಲೈನ್‌ನಲ್ಲಿರೋನು. ಇಷ್ಟೊತ್ತು ಓದ್ತಾ ಇದ್ದೆ, ಯಾರೂ ಫ್ರಿಜ್ಜಿನ ಬಾಗಿಲ ಬಗ್ಗೆ ಮಾತೇ ಎತ್ತಲಿಲ್ಲ. ಸೈಡ್ ಬೈ ಸೈಡ್ ಫ್ರಿಜ್ಜಿನ ಬಾಗಿಲು ಬಿಚ್ಚಬಹುದು. 73 ಅಂತಿರೋದರಲ್ಲಿ ಬಾಗಿಲು, ಹಿಡಿಕೆ ಎಲ್ಲ ಸೇರಿದೆ. ಬಾಗಿಲು ತೆಗೆದ್ರೆ ಆಳ 62ರ ಹತ್ತಿರ ಬರುತ್ತೆ. ಮಾಡೆಲ್ ಮೇಲೆ ಹೆಚ್ಚು ಕಮ್ಮಿ ಆಗುತ್ತೆ. ಕೈಪಿಡಿಯಲ್ಲಿ ಚಿತ್ರ ಹಾಕಿ ಬಾಗಿಲಿಲ್ಲದ ಆಳ ಬೇರೆ ಕೊಟ್ಟಿರ್ತಾರೆ, ಅದನ್ನ ನೋಡಿ. ಅಂಗಡಿ ಪುಟದಲ್ಲಿ ಅದು ಇರಲ್ಲ.

ಲೋಡಿಂಗ್ ರಾಜಣ್ಣ
ಸಲೀಂ ಭಾಯ್ ಹೇಳಿದ್ದು ನಾನು ಹೇಳಬೇಕು ಅಂತಿದ್ದೆ. ಮೇಡಂ, ಅದೇ ರಟ್ಟನ್ನ 91 x 62ಕ್ಕೆ ಕತ್ತರಿಸಿ ಇನ್ನೊಂದ್ ಸಲ ಹತ್ತಿ.

ಗುಬ್ಬಿಗೂಡು
107.5 ಬೇಕು, 114.6 ಇದೆ. ಏಳು ಸೆಂ.ಮೀ. ಮಿಗುತ್ತೆ. ಹತ್ತದೇನೇ ಹೇಳ್ತೀನಿ, ಹೋಗುತ್ತೆ.

ವಿಜಯನಗರ ಸ್ಮಿತಾ
ಹೋಯ್ತು!! ಎರಡೂ ತಿರುವು, ಮೇಲಿನ ಮಹಡಿಯದೂ. ಕಂಬದ ಹತ್ತಿರ ನಾಲ್ಕು ಬೆರಳು ಸಂದು ಉಳೀತು. ಮನೆ ಬಾಗಿಲಲ್ಲೂ ಗ್ರಿಲ್ ಬಿಚ್ಚದೇನೇ ದಾಟಿತು. ಈಗ ಬಾಗಿಲು ಬಿಚ್ಚೋದು ಯಾರು? ಡೆಲಿವರಿಯವರೇ ಮಾಡ್ತಾರಾ?

ಕೂಲ್ ಸಲೀಂ
ಸಾಮಾನ್ಯವಾಗಿ ಮಾಡಲ್ಲ. ಅವರದು ಸಾಗಿಸೋ ಕೆಲಸ, ಟೆಕ್ನಿಷಿಯನ್ ಬೇರೆ ದಿನ ಬರೋದು. ತೊಂದರೆ ಇರೋದೇ ಅಲ್ಲಿ. ಬಾಗಿಲು ಕೆಳಗೆ ಪಾರ್ಕಿಂಗ್‌ನಲ್ಲೇ ಬಿಚ್ಚಬೇಕು, ಆದ್ರೆ ಬಿಚ್ಚೋನು ಬರೋದು ಫ್ರಿಜ್ ಮನೆ ಸೇರಿದ ಮೇಲೆ. ಆರ್ಡರ್ ಮಾಡೋ ಮುಂಚೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಇಬ್ಬರನ್ನೂ ಒಂದೇ ದಿನ ಕಳಿಸ್ತೀರಾ ಅಂತ ಕೇಳಿ, ದೂರಿನ ನಂಬರ್ ತಗೊಳ್ಳಿ.

ಬಿಚ್ಚೋದು ಕಷ್ಟ ಏನಿಲ್ಲ. ಮೇಲಿನ ಹಿಂಜಸ್ ಮುಚ್ಚಳ ತೆಗೆದ್ರೆ ಕೆಳಗೆ ವೈರ್ ಕನೆಕ್ಟರ್ ಸಿಗುತ್ತೆ, ಡಿಸ್‌ಪ್ಲೇಗೆ, ಲೈಟಿಗೆ ಹೋಗೋದು. ಅದನ್ನ ಮೆತ್ತಗೆ ಬಿಡಿಸಿ ಆಮೇಲೆ ಬಾಗಿಲು ಎತ್ತಬೇಕು. ಕನೆಕ್ಟರ್ ಮರೆತು ಬಾಗಿಲು ಎತ್ತಿದ್ರೆ ವೈರ್ ಕಿತ್ಕೊಂಡು ಬರುತ್ತೆ. ನಲ್ಲಿಗೆ ಜೋಡಿಸೋ ನೀರಿನ ಡಿಸ್ಪೆನ್ಸರ್ ಮಾಡೆಲ್ ಆದ್ರೆ ಕೆಳಗಡೆ ಒಂದು ಸಣ್ಣ ಟ್ಯೂಬ್ ಕೂಡ ಇರುತ್ತೆ. ವಾಪಸ್ ಹಾಕಿದ ಮೇಲೆ ಎರಡು ಬಾಗಿಲು ಮೇಲೆ ಕೆಳಗೆ ಕಾಣ್ಬಹುದು, ಹೆದರಬೇಡಿ, ಮುಂದಿನ ಕಾಲಿನ ಸ್ಕ್ರೂ ತಿರುಗಿಸಿ ಸಮ ಮಾಡ್ತಾರೆ.

ಓನರ್ ಅಂಕಲ್
ಹೊಸ ಫ್ರಿಜ್ಜಿನ ಬಾಗಿಲು ಹೊರಗಿನವರ ಕೈಲಿ ಬಿಚ್ಚಿಸಿದ್ರೆ ವಾರಂಟಿ ಹೋಗುತ್ತೆ.

ಕೂಲ್ ಸಲೀಂ
ಕಂಪನಿ ಟೆಕ್ನಿಷಿಯನ್ ಬಿಚ್ಚಿದ್ರೆ ಯಾಕೆ ಹೋಗುತ್ತೆ ಸಾರ್? ಕೈಪಿಡಿಯಲ್ಲೇ ಬಿಚ್ಚೋ ವಿಧಾನ ಹಾಕಿದ್ದಾರಲ್ಲ.

ಓನರ್ ಅಂಕಲ್
ಕೈಪಿಡಿಯಲ್ಲಿ ಇರೋದೆಲ್ಲ ಕ್ಲೇಮ್ ಮಾಡೋವಾಗ ಒಪ್ಪಲ್ಲ. ಬರವಣಿಗೆಯಲ್ಲಿ ತಗೊಳ್ಳಿ ಅಂತಷ್ಟೇ ಹೇಳ್ತಿರೋದು.

ಟೆಕ್ಕಿ ಟೋನಿ
ಬಾಗಿಲು ಬಿಚ್ಚೋ ಬದಲು ಫ್ರಿಜ್ ಮಲಗಿಸಿ ಹೊತ್ತರೆ? ಆದ್ರೆ 45 ಡಿಗ್ರಿಗಿಂತ ಜಾಸ್ತಿ ವಾಲಿಸಿದ್ರೆ ಗ್ಯಾಸ್ ಲೀಕ್ ಆಗುತ್ತೆ ಅಂತಾರೆ, ನಿಜಾನಾ?

ಕೂಲ್ ಸಲೀಂ
ಗ್ಯಾಸ್ ಮುಚ್ಚಿದ ಕೊಳವೆಯೊಳಗಿರೋದು, ವಾಲಿಸಿದ್ದಕ್ಕೆ ಲೀಕ್ ಆಗಲ್ಲ. ಕಂಪ್ರೆಸರ್ ಒಳಗಿನ ಎಣ್ಣೆ ಕೊಳವೆಗೆ ಹರಿಯುತ್ತೆ, ತಕ್ಷಣ ಆನ್ ಮಾಡಿದ್ರೆ ಕಂಪ್ರೆಸರ್‌ಗೆ ಪೆಟ್ಟು. ಜಾಸ್ತಿ ವಾಲಿಸಿದ್ರೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಆನ್ ಮಾಡಿ. ನಾನು ರಾತ್ರಿಯಿಡೀ ಬಿಡಿ ಅಂತೀನಿ. ಮೊದಲೇ ಮಲಗಿಸದೇ ಇದ್ರೆ ಒಳ್ಳೇದು.

ಲೋಡಿಂಗ್ ರಾಜಣ್ಣ
ಮಲಗಿಸಿದ್ರೆ ತಿರುವಿಗೆ 91ರ ಬದಲು 179 ಉದ್ದ ಆಗುತ್ತೆ, ಇನ್ನೂ ಕೆಟ್ಟದು. ನಿಂತ ಫ್ರಿಜ್ಜೇ ಎಲ್ಲಕ್ಕಿಂತ ಕಡಿಮೆ ಜಾಗ ತಗೊಳ್ಳೋದು.

ಸ್ಮಿತಾ ಅವ್ರೇ, ರಟ್ಟು ಹೋಯ್ತು ಅಂದ್ರೆ ಅಳತೆ ಆಯ್ತು. ಆದ್ರೆ ರಟ್ಟಿಗೆ ತೂಕ ಇಲ್ಲ. ಲ್ಯಾಂಡಿಂಗ್‌ನಲ್ಲಿ ಮೊದಲ ಅರ್ಧ ತಿರುವು ಸುಲಭ, ಹಿಂದಿನ ಮೂಲೆ ಕೆಳಗಿನ ಮೆಟ್ಟಿಲ ಮೇಲೆ ಗಾಳಿಯಲ್ಲಿರುತ್ತೆ. ಇನ್ನರ್ಧ ತಿರುವಲ್ಲಿ ಮೂಲೆ ಹೋಗೋದು ಮೇಲಿನ ಮೆಟ್ಟಿಲ ಕಡೆಗೆ, ಅಲ್ಲಿ ಮೆಟ್ಟಿಲು ಅಡ್ಡ ಬರುತ್ತೆ. ಆಗ ಇಡೀ ಫ್ರಿಜ್‌ನ ಎರಡು ಮೆಟ್ಟಿಲಿನಷ್ಟು ಎತ್ತಿ ಹಿಡಿದು ತಿರುಗಿಸಬೇಕು. ಇಬ್ಬರ ಕೈಲಿ ಆಗಲ್ಲ, ನಾಲ್ಕು ಜನ ಬೇಕು. ಡೆಲಿವರಿಗೆ ಇಬ್ಬರೇ ಬರೋದು ಜಾಸ್ತಿ. ಇನ್ನಿಬ್ಬರನ್ನ ನೀವೇ ಗೊತ್ತು ಮಾಡಿಟ್ಕೊಳ್ಳಿ, ಕೂಲಿ ಮೊದಲೇ ಮಾತಾಡಿ. ಮೆಟ್ಟಿಲ ಮೇಲೆ ಫ್ರಿಜ್ ಇಟ್ಕೊಂಡು ರೇಟ್ ಮಾತಾಡೋ ಪರಿಸ್ಥಿತಿ ಬೇಡ.

ಡಬ್ಬ ಕೆಳಗೇ ಬಿಚ್ಚಿಸಿ. ಡಬ್ಬ, ಥರ್ಮಾಕೋಲ್ ಸೇರಿದ್ರೆ ಪ್ರತಿ ಕಡೆ ಕೆಲವು ಸೆಂ.ಮೀ. ಏರುತ್ತೆ, ನಿಮ್ಮ ನಾಲ್ಕು ಬೆರಳು ಅಲ್ಲೇ ಮುಗಿಯುತ್ತೆ. ಬಿಚ್ಚೋವಾಗ ವಿಡಿಯೋ ಮಾಡ್ಕೊಳ್ಳಿ, ತಗ್ಗು ಗಿಗ್ಗು ಇದ್ರೆ ಕೆಳಗೇ ಗೊತ್ತಾಗಲಿ. ಆಮೇಲೆ ಕಂಬಿಗೆ ಹಳೇ ಕಂಬಳಿ ಸುತ್ತಿ.

ಹುಬ್ಬಳ್ಳಿಯಾಂವ
ಪಾರ್ಕಿಂಗ್‌ನಾಗ ಬಾಗಲಾ ಬಿಚ್ಚಾಕ ಜಾಗ ಅದ ಏನ್ರೀ? ನಮ್ಮಲ್ಲಿ ಸ್ಕೂಟರ್ ನಿಲ್ಲಸಾಕ ಜಾಗ ಇಲ್ಲ. ಇನ್ನ ಟೆಂಪೋ ಕ್ರಾಸಿನ ಒಳಗ ಬರೂದು ಬ್ಯಾರೆ ಮಾತು, ಎರಡೂ ಬದಿ ಕಾರ್ ಹಚ್ಚಿರ್ತಾರ.

ಕಾಫಿ ಕುಡುಕ
ಕ್ರಾಸ್ ತುದಿಯಲ್ಲಿ ನಿಂತು "ಸಾರ್ ಲೊಕೇಷನ್ ಕಳಿಸಿ" ಅಂತ ಫೋನ್ ಮಾಡ್ತಾರೆ, ಮನೆ ಅಲ್ಲಿಂದ ಕಾಣ್ತಾ ಇರುತ್ತೆ.

ವಿಜಯನಗರ ಸ್ಮಿತಾ
ಜಾಗ ಇದೆ, ಎರಡು ಗಾಡಿ ಆಚೆ ತೆಗೆದ್ರೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದೆ. ಟೆಕ್ನಿಷಿಯನ್‌ನ ಅದೇ ದಿನ ಕಳಿಸ್ತೀವಿ ಅಂತ ಒಬ್ಬರು ಹೇಳಿದ್ರು, ಮತ್ತೆ ಮಾಡಿದಾಗ ಬೇರೊಬ್ಬರು ಡೆಲಿವರಿ ಆದ ಮೇಲಷ್ಟೇ ಬುಕ್ ಮಾಡೋಕೆ ಆಗೋದು ಅಂದ್ರು. ಇಮೇಲ್ ಹಾಕಿದ್ದೀನಿ. ಬರವಣಿಗೆಯಲ್ಲಿ ಉತ್ತರ ಬಂದ್ರೆ ಆರ್ಡರ್, ಇಲ್ಲಾಂದ್ರೆ 70 ಸೆಂ.ಮೀ. ಅಗಲದ ಮಾಮೂಲಿ ಡಬಲ್ ಡೋರ್ ಅಂತ ನಾನು. ನಮ್ಮನೆಯವರು ಕಂಬಿಯ ಕಂಬ ಬಿಚ್ಚಿಸೋಣ, ಓನರ್‌ನ ಕೇಳ್ತೀನಿ ಅಂತ ಕೆಳಗೆ ಹೋಗಿದ್ದಾರೆ.

ಓನರ್ ಅಂಕಲ್
ವೆಲ್ಡಿಂಗ್ ಕಂಬ ಆದ್ರೆ ಕತ್ತರಿಸಿ ಮತ್ತೆ ವೆಲ್ಡ್ ಮಾಡಬೇಕು. ಬೋಲ್ಟ್ ಹಾಕಿರೋ ಸ್ಟೀಲ್ ಕಂಬಿ ಆದ್ರೆ ನಾನಾದ್ರೂ ಒಪ್ತಿದ್ದೆ, ಅದೇ ದಿನ ವಾಪಸ್ ಹಾಕಿಸ್ತೀನಿ ಅಂದ್ರೆ ಮಾತ್ರ.

ಗೋಕುಲದ ಗಿರೀಶ
ನಾನು ಮೊದಲೇ ಹೇಳಿದ್ನಲ್ಲ, ಮಾಮೂಲಿ ಡಬಲ್ ಡೋರ್ ತಗೊಳ್ಳಿ ಅಂತ.

ಗುಬ್ಬಿಗೂಡು
ಗಿರೀಶ್ ಸರ್, 70 x 70 ಇರೋದು ಈ ತಿರುವಲ್ಲಿ ಹೋಗುತ್ತೆ, 105 ಬೇಕು ಅಷ್ಟೇ. ಆದ್ರೆ ನೀವು ಹೇಳಿದ್ದು ದೋಸೆ ಹಿಟ್ಟಿನ ಕಾರಣಕ್ಕೆ.

ಪದ್ಮಾ ಆಂಟಿ
ರಾಜಣ್ಣ, ಬೀರುಗೂ ರಟ್ಟಿನ ಲೆಕ್ಕ ನಡೆಯುತ್ತಾ? ಮಗಳು ಮನೆ ಬದಲಾಯಿಸ್ತಾ ಇದ್ದಾಳೆ, ಆ ಬೀರುನ ನಾಲ್ಕನೇ ಮಹಡಿಗೆ ಏರಿಸಬೇಕು. ಲಿಫ್ಟ್ ಬಾಗಿಲಿನ ಎತ್ತರ 2 ಮೀಟರ್ ಅಂತಾಳೆ.

ಲೋಡಿಂಗ್ ರಾಜಣ್ಣ
ನಡೆಯುತ್ತೆ ಅಮ್ಮ. ಆರೂವರೆ ಅಡಿ ಅಂದ್ರೆ 198, ಬಾಗಿಲು 200. ನೆಟ್ಟಗೆ ನಿಲ್ಲಿಸಿ ತಳ್ಳಿದ್ರೆ ಮಾತ್ರ ಹೋಗುತ್ತೆ. ಟ್ರಾಲಿ ಹಾಕಿದ್ರೆ ಎತ್ತರ ಏರಿ ತಲೆ ತಗುಲುತ್ತೆ. ಬೀರುಗೆ ಕಾಲು ಇದ್ರೆ ಕಾಲು ಸೇರಿಸಿ ಅಳೀರಿ. ಲಿಫ್ಟಿನೊಳಗೆ ಕೈ ಹಿಡಿಯೋ ರಾಡ್ ಇದ್ರೆ ಒಳಗಿನ ಆಳ ಗೋಡೆಯಿಂದ ಅಲ್ಲ, ರಾಡಿನಿಂದ ತಗೊಳ್ಳಿ. ಮಗಳಿಗೆ ಫೋಟೋ ಕಳಿಸೋಕೆ ಹೇಳಿ, ನೋಡಿ ಹೇಳ್ತೀನಿ.